ಹೊಸ ಫೋನಿಗೆ ಹಳೆಯ ಜಿಮೇಲ್ ಹಾಕಿದರೆ ಫೋಟೋ, ಚಾಟ್ ಎಲ್ಲಾ ತಾನಾಗಿಯೇ ಬರುತ್ತವೆಯೇ?

"ಹಳೆ ಫೋನ್ ಕೊಟ್ಟುಬಿಡಿ, ಏನೂ ಹೋಗಲ್ಲ. ಹೊಸದರಲ್ಲಿ ಅದೇ ಜಿಮೇಲ್ ಹಾಕಿ, ಎಲ್ಲಾ ಬರುತ್ತೆ." ಮೊಬೈಲ್ ಅಂಗಡಿಯಲ್ಲಿ, ಮನೆಯ ಗ್ರೂಪಿನಲ್ಲಿ, ಎಕ್ಸ್‌ಚೇಂಜ್ ಆಫರ್‌ಗಳ ಸಮಯದಲ್ಲಿ ಓಡಾಡುವ ಫಾರ್ವರ್ಡ್‌ಗಳಲ್ಲಿ ಈ ಮಾತನ್ನು ನೀವೂ ಕೇಳಿರಬಹುದು. ಹಲವರ ವಿಷಯದಲ್ಲಿ ಇದು ನಿಜವೂ ಆಗುತ್ತದೆ. ಆದರೆ ನಿಜವಾಗದೇ ಹೋದಾಗ ಮಗುವಿನ ಮೊದಲ ಹುಟ್ಟುಹಬ್ಬದ ವಿಡಿಯೋ, ತೀರಿಕೊಂಡವರ ಧ್ವನಿ ಸಂದೇಶ, ಜಮೀನು ಕಾಗದದ ಫೋಟೋ ಇಂಥವು ಮತ್ತೆ ಸಿಗುವುದಿಲ್ಲ. ಅಷ್ಟರಲ್ಲಿ ಹಳೆಯ ಫೋನ್ ರೀಸೆಟ್ ಆಗಿ ಬೇರೆಯವರ ಕೈ ಸೇರಿರುತ್ತದೆ.

ಹಾಗಾದರೆ ಈ ಮಾತು ಸುಳ್ಳೇ? ಅರ್ಧ ನಿಜ, ಅರ್ಧ ಸುಳ್ಳು. ಫೋಟೋಗಳು ಜಿಮೇಲ್ ಖಾತೆಯ ಜೊತೆ ಬರುತ್ತವೆ, ಆದರೆ ಅವು ಮೊದಲೇ ಆ ಖಾತೆಗೆ ಹೋಗಿ ಸೇರಿದ್ದರೆ ಮಾತ್ರ. ವಾಟ್ಸಾಪ್ ಚಾಟ್‌ಗಳ ದಾರಿಯೇ ಬೇರೆ. ಎರಡಕ್ಕೂ ಅಡ್ಡ ಬರುವ ಕಾರಣಗಳು ಸಾಮಾನ್ಯವಾಗಿ ಮೂರು: ಖಾತೆ ಬೇರೆಯಾಗಿರುವುದು, ಇಂಟರ್ನೆಟ್ ಸಾಲದಿರುವುದು, ಖಾತೆಯಲ್ಲಿ ಜಾಗ ಮುಗಿದಿರುವುದು. ಇವನ್ನು ಇದೇ ಕ್ರಮದಲ್ಲಿ ಹೇಗೆ ಪರೀಕ್ಷಿಸಬೇಕು ಎಂದು ನೋಡೋಣ. ನಮ್ಮಲ್ಲಿ ಹೆಚ್ಚು ಜನ ಬಳಸುವ ಆಂಡ್ರಾಯ್ಡ್ ಫೋನ್, ಗೂಗಲ್ ಫೋಟೋಸ್ ಮತ್ತು ವಾಟ್ಸಾಪ್ ಇಟ್ಟುಕೊಂಡು ವಿವರಿಸುತ್ತೇವೆ. ಆಪ್‌ನ ಆವೃತ್ತಿಗೆ ತಕ್ಕಂತೆ ಮೆನುವಿನ ಹೆಸರುಗಳು ಸ್ವಲ್ಪ ಬದಲಾಗಬಹುದು. ನಿಮ್ಮ ಫೋನ್ ಕನ್ನಡದಲ್ಲಿದ್ದರೆ ಅವು ಕನ್ನಡದಲ್ಲೇ ಕಾಣುತ್ತವೆ.

ಫೋನಿನಲ್ಲಿ ಕಾಣುವ ಫೋಟೋ ಎಲ್ಲಿದೆ?

ಗೂಗಲ್ ಫೋಟೋಸ್ ಆಪ್ ತೆರೆದರೆ ಸಾವಿರಾರು ಫೋಟೋ ಕಾಣುತ್ತವೆ. ಅದನ್ನು ನೋಡಿ "ನನ್ನ ಫೋಟೋ ಎಲ್ಲಾ ಗೂಗಲ್‌ನಲ್ಲಿವೆ" ಎಂದು ಅಂದುಕೊಳ್ಳುತ್ತೇವೆ. ಗೊಂದಲ ಶುರುವಾಗುವುದೇ ಇಲ್ಲಿ. ಆ ಆಪ್ ಎರಡು ಬಗೆಯ ಫೋಟೋಗಳನ್ನು ಒಂದೇ ಪರದೆಯಲ್ಲಿ ಬೆರೆಸಿ ತೋರಿಸುತ್ತದೆ. ಒಂದು, ಗೂಗಲ್‌ನ ಸರ್ವರಿಗೆ ಹೋಗಿ ಸೇರಿದವು. ಇನ್ನೊಂದು, ಕೇವಲ ನಿಮ್ಮ ಫೋನಿನ ಒಳಗಿರುವವು. ನೋಡುವ ಕಣ್ಣಿಗೆ ಎರಡೂ ಒಂದೇ. ಫೋನ್ ಹೋದರೆ ಮೊದಲನೆಯವು ಉಳಿಯುತ್ತವೆ, ಎರಡನೆಯವು ಫೋನಿನ ಜೊತೆಗೇ ಹೋಗುತ್ತವೆ.

ಇದನ್ನು ಪತ್ತೆ ಮಾಡಲು ಸುಲಭವಾದ ಪರೀಕ್ಷೆ ಒಂದಿದೆ. ಮನೆಯಲ್ಲಿರುವ ಬೇರೆ ಕಂಪ್ಯೂಟರಿನಲ್ಲೋ ಲ್ಯಾಪ್‌ಟಾಪಿನಲ್ಲೋ ಬ್ರೌಸರ್ ತೆರೆದು photos.google.com ಎಂದು ಟೈಪ್ ಮಾಡಿ, ನಿಮ್ಮ ಜಿಮೇಲ್‌ನಿಂದ ಲಾಗಿನ್ ಆಗಿ. ಅಲ್ಲಿ ಕಾಣುವ ಫೋಟೋಗಳು ಮಾತ್ರ ನಿಜವಾಗಿ ಗೂಗಲ್‌ನಲ್ಲಿವೆ. ಫೋನಿನಲ್ಲಿ ನಿನ್ನೆಯ ಫೋಟೋ ಇದ್ದು, ಬ್ರೌಸರಿನಲ್ಲಿ ಕೊನೆಯ ಫೋಟೋ ಕಳೆದ ಅಕ್ಟೋಬರಿನದ್ದಾಗಿದ್ದರೆ, ಅಕ್ಟೋಬರಿನಿಂದ ಈಚೆಗೆ ಏನೂ ಹೋಗಿಲ್ಲ ಎಂದರ್ಥ. ಬ್ರೌಸರಿಗೆ ನಿಮ್ಮ ಫೋನಿನ ಒಳಗೆ ಏನಿದೆ ಎಂಬುದು ಕಾಣುವುದಿಲ್ಲ, ಹಾಗಾಗಿ ಇಲ್ಲಿ ಮೋಸ ಹೋಗುವ ಪ್ರಶ್ನೆಯಿಲ್ಲ.

ಕಂಪ್ಯೂಟರ್ ಇಲ್ಲದಿದ್ದರೆ ಫೋನಿನಲ್ಲೇ ಒಂದು ಫೋಟೋ ತೆರೆದು ಬೆರಳಿನಿಂದ ಮೇಲಕ್ಕೆ ಎಳೆಯಿರಿ. ವಿವರಗಳ ನಡುವೆ Backed up ಎಂದಿದ್ದರೆ ಅದು ಹೋಗಿದೆ. ಒಂದೇ ಫೋಟೋ ನೋಡಿ ಸುಮ್ಮನಾಗಬೇಡಿ. ಈ ವಾರದ್ದು ಒಂದು, ಆರು ತಿಂಗಳ ಹಿಂದಿನದು ಒಂದು, ಒಂದು ಉದ್ದದ ವಿಡಿಯೋ, ಹೀಗೆ ಮೂರನ್ನಾದರೂ ನೋಡಿ.

ಮೊದಲ ಪರೀಕ್ಷೆ: ಯಾವ ಖಾತೆ?

"ಫೋಟೋ ಎಲ್ಲಾ ಮಾಯವಾಯಿತು" ಎನ್ನುವ ಎಷ್ಟೋ ದೂರುಗಳಲ್ಲಿ ಏನೂ ಮಾಯವಾಗಿರುವುದಿಲ್ಲ. ನೋಡುತ್ತಿರುವ ಖಾತೆ ಬೇರೆಯಾಗಿರುತ್ತದೆ, ಅಷ್ಟೇ. ಇದಕ್ಕೆ ಕಾರಣ ನಮ್ಮ ಅಭ್ಯಾಸದಲ್ಲೇ ಇದೆ. ಹೊಸ ಫೋನ್ ಕೊಂಡಾಗ ಹಳೆಯ ಪಾಸ್‌ವರ್ಡ್ ನೆನಪಿರುವುದಿಲ್ಲ. ಅಂಗಡಿಯ ಹುಡುಗ "ಪರವಾಗಿಲ್ಲ ಬಿಡಿ ಆಂಟಿ" ಎಂದು ಎರಡು ನಿಮಿಷದಲ್ಲಿ ಹೊಸ ಜಿಮೇಲ್ ಮಾಡಿಕೊಡುತ್ತಾನೆ. ಹೀಗೆ ಮೂರು ಫೋನ್ ಬದಲಾಯಿಸುವ ಹೊತ್ತಿಗೆ ಒಬ್ಬರ ಹೆಸರಿನಲ್ಲಿ ಮೂರು ಖಾತೆ ಆಗಿರುತ್ತವೆ. ಫೋಟೋಗಳು ಒಂದರಲ್ಲಿ, ಫೋನ್ ನಂಬರುಗಳು ಇನ್ನೊಂದರಲ್ಲಿ, ಚಾಟ್ ಬ್ಯಾಕಪ್ ಮತ್ತೊಂದರಲ್ಲಿ.

ಪರೀಕ್ಷಿಸುವುದು ಹೀಗೆ. ಎರಡೂ ಫೋನುಗಳಲ್ಲಿ ಗೂಗಲ್ ಫೋಟೋಸ್ ತೆರೆದು ಮೇಲಿನ ಬಲಮೂಲೆಯ ದುಂಡು ಚಿತ್ರವನ್ನು ಒತ್ತಿ. ಅಲ್ಲಿ ಇಮೇಲ್ ವಿಳಾಸ ಕಾಣುತ್ತದೆ. ಎರಡೂ ಫೋನಿನ ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿ. ಹೆಸರು, ಚಿತ್ರ ಒಂದೇ ಇದ್ದು ಕೊನೆಯ ಒಂದು ಅಂಕಿ ಮಾತ್ರ ಬೇರೆ ಇರುವುದು ಉಂಟು. ವಿಳಾಸ ಬೇರೆಯಾಗಿದ್ದರೆ ಅದೇ ಜಾಗದಲ್ಲಿ ಹಳೆಯ ಖಾತೆಗೆ ಬದಲಾಯಿಸಿ ಅಥವಾ ಸೇರಿಸಿ. ಫೋಟೋಗಳು ಕಾಣಲು ಶುರುವಾದರೆ ಸಮಸ್ಯೆ ಅಲ್ಲಿಗೇ ಮುಗಿಯಿತು.

ವಾಟ್ಸಾಪ್‌ನಲ್ಲಿ ನಿಮ್ಮ ಗುರುತು ಜಿಮೇಲ್ ಅಲ್ಲ, ಫೋನ್ ನಂಬರ್. ಆದರೆ ಚಾಟ್‌ಗಳ ಬ್ಯಾಕಪ್ ಕೂರುವುದು ಗೂಗಲ್ ಖಾತೆಯಲ್ಲಿ. ಹಾಗಾಗಿ ಹೊಸ ಫೋನಿನಲ್ಲಿ ಚಾಟ್ ಮರಳಿ ಬರಬೇಕಾದರೆ ಎರಡೂ ಹೊಂದಿಕೆಯಾಗಬೇಕು: ಅದೇ ನಂಬರ್, ಮತ್ತು ಬ್ಯಾಕಪ್ ಹೋಗಿದ್ದ ಅದೇ ಗೂಗಲ್ ಖಾತೆ. ಯಾವ ಖಾತೆ ಎಂದು ತಿಳಿಯಲು ಹಳೆಯ ಫೋನಿನ ವಾಟ್ಸಾಪ್‌ನಲ್ಲಿ Settings, ಅದರೊಳಗೆ Chats, ಅದರೊಳಗೆ Chat backup ತೆರೆಯಿರಿ. ಕೊನೆಯ ಬ್ಯಾಕಪ್ ಯಾವಾಗ ಆಯಿತು, ಅದರ ಗಾತ್ರ ಎಷ್ಟು, ಯಾವ ಖಾತೆಗೆ ಹೋಗುತ್ತಿದೆ ಎಂಬ ಮೂರೂ ಅಲ್ಲೇ ಇರುತ್ತವೆ. ಅಲ್ಲಿ Local ಎಂದು ಒಂದು ಸಮಯವೂ ಕಾಣಬಹುದು. ಅದು ಫೋನಿನ ಒಳಗೇ ಉಳಿಯುವ ಪ್ರತಿ. ಅದರ ದಿನಾಂಕ ಇವತ್ತಿನದ್ದೇ ಆಗಿದ್ದರೂ ಫೋನ್ ಹೋದ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ನೋಡಬೇಕಾದದ್ದು ಗೂಗಲ್‌ನ ಎದುರಿಗಿರುವ ದಿನಾಂಕ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕುವಾಗ "ಬ್ಯಾಕಪ್ ಮರಳಿ ತರಲೇ?" ಎಂದು ಒಮ್ಮೆ ಕೇಳುತ್ತದೆ. ಅವಸರದಲ್ಲಿ ಅದನ್ನು Skip ಮಾಡಿದರೆ ಖಾಲಿ ವಾಟ್ಸಾಪ್ ತೆರೆದುಕೊಳ್ಳುತ್ತದೆ. ಆಮೇಲೆ ಅದೇ ಖಾತೆಗೆ ಹೊಸ ಬ್ಯಾಕಪ್ ಹೋದಾಗ ಹಳೆಯದರ ಮೇಲೆ ಬರೆದುಬಿಡುತ್ತದೆ. ಅಂದರೆ ಐದು ವರ್ಷದ ಚಾಟ್ ಇದ್ದ ಜಾಗದಲ್ಲಿ ಒಂದು ದಿನದ ಚಾಟ್ ಕೂರುತ್ತದೆ. Skip ಒತ್ತಿಬಿಟ್ಟಿದ್ದರೆ ಬ್ಯಾಕಪ್ ಆಗುವ ಮೊದಲೇ, ಅಂದರೆ ಆ ರಾತ್ರಿಯೊಳಗೇ, ವಾಟ್ಸಾಪ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ, ಈ ಸಲ Restore ಒತ್ತಿ.

Restore ಆದ ಮೇಲೆ ಮೊದಲು ಬರುವುದು ಬರಹ. ಫೋಟೋ, ವಿಡಿಯೋಗಳು ಹಿಂದಿನಿಂದ ನಿಧಾನವಾಗಿ ಇಳಿಯುತ್ತವೆ. ಆ ಸಮಯದಲ್ಲಿ ಚಿತ್ರಗಳು ಮಸುಕಾಗಿ ಕಂಡರೆ ಹೋಗಿಬಿಟ್ಟವು ಎಂದು ಗಾಬರಿಯಾಗಬೇಡಿ, ವೈಫೈನಲ್ಲಿ ಬಿಟ್ಟು ಕಾಯಿರಿ.

ಎರಡನೆಯ ಪರೀಕ್ಷೆ: ನೆಟ್ ಇದೆ, ಆದರೆ ಸಾಕಷ್ಟಿದೆಯೇ?

ಖಾತೆ ಸರಿಯಿದೆ, ಆದರೂ ಹೊಸ ಫೋಟೋ ಹೋಗುತ್ತಿಲ್ಲ. "ನೆಟ್ ಇದೆಯಲ್ಲ, ವಾಟ್ಸಾಪ್ ಮೆಸೇಜ್ ಹೋಗುತ್ತಿದೆಯಲ್ಲ" ಎಂಬುದು ಸಹಜ ಪ್ರಶ್ನೆ. ಆದರೆ ಒಂದು ಸಾಲಿನ ಮೆಸೇಜಿಗೂ ಒಂದು ಫೋಟೋಗೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ.

ದಿನದ ಡೇಟಾ ಮುಗಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಬರಹದ ಮೆಸೇಜು ಸಲೀಸಾಗಿ ಹೋಗುತ್ತದೆ. 3 ಎಂಬಿಯ ಒಂದೇ ಒಂದು ಫೋಟೋ ಹೋಗಲು ಮಾತ್ರ ಆರು ನಿಮಿಷಕ್ಕೂ ಹೆಚ್ಚು ಬೇಕು. ನೂರು ಫೋಟೋ ಎಂದರೆ ಹತ್ತು ಗಂಟೆಗೂ ಮೀರಿ. ಹಾಗಾಗಿ ಮೆಸೇಜ್ ಹೋಗುವುದು ಬ್ಯಾಕಪ್ ಆಗುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಇನ್ನೊಂದು ಸಂಗತಿ, ವೇಗ ಎಂದರೆ ನಾವು ಸಾಮಾನ್ಯವಾಗಿ ಗಮನಿಸುವುದು ಕೆಳಗೆ ಇಳಿಯುವ ವೇಗ, ಅಂದರೆ ವಿಡಿಯೋ ನೋಡುವ ವೇಗ. ಬ್ಯಾಕಪ್‌ಗೆ ಬೇಕಾದದ್ದು ಮೇಲೆ ಹೋಗುವ ವೇಗ, ಅಂದರೆ ಅಪ್‌ಲೋಡ್. ಮೊಬೈಲ್ ಡೇಟಾದಲ್ಲಿ ಇದು ಬಹಳ ಕಡಿಮೆ ಇರುವುದು ಮಾಮೂಲು. ಯೂಟ್ಯೂಬ್ ಚೆನ್ನಾಗಿ ಓಡುತ್ತಿದ್ದರೂ ಫೋಟೋ ಹೋಗದಿರುವುದಕ್ಕೆ ಇದೂ ಕಾರಣ.

ಇದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಾವೇ ಹಾಕಿಕೊಂಡ ಬೀಗಗಳನ್ನು. ಮೊಬೈಲ್ ಡೇಟಾ ಖರ್ಚಾಗದಿರಲಿ ಎಂದು ಬ್ಯಾಕಪ್ ಅನ್ನು ವೈಫೈಗೆ ಮಾತ್ರ ಬಿಟ್ಟಿರುತ್ತೇವೆ. ಮನೆಯಲ್ಲಿ ವೈಫೈ ಇಲ್ಲದವರ ಫೋನಿನಲ್ಲಿ ಅದು ಯಾವತ್ತೂ ನಡೆಯುವುದಿಲ್ಲ. ಗೂಗಲ್ ಫೋಟೋಸ್‌ನ ಬಲಮೂಲೆಯ ಚಿತ್ರವನ್ನು ಒತ್ತಿದಾಗ ವಿಳಾಸದ ಕೆಳಗೆ ಬ್ಯಾಕಪ್‌ನ ಸ್ಥಿತಿ ಬರೆದಿರುತ್ತದೆ. Waiting for Wi-Fi ಎಂದಿದ್ದರೆ ಇದೇ ಕಾರಣ. Backup is off ಎಂದಿದ್ದರೆ ಬ್ಯಾಕಪ್ ಶುರುವೇ ಆಗಿಲ್ಲ, ಅಲ್ಲೇ ಆನ್ ಮಾಡಬಹುದು. Backup complete ಎಂದಿದ್ದರೆ ಅದು ಆರಿಸಿಕೊಂಡ ಫೋಲ್ಡರುಗಳೆಲ್ಲ ಹೋಗಿವೆ ಎಂದರ್ಥ.

"ಆರಿಸಿಕೊಂಡ ಫೋಲ್ಡರುಗಳು" ಎಂಬ ಮಾತನ್ನು ಗಮನಿಸಿ. ಕ್ಯಾಮೆರಾದಲ್ಲಿ ತೆಗೆದ ಫೋಟೋಗಳು ತಾನಾಗಿ ಹೋಗುತ್ತವೆ. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳ ಫೋಲ್ಡರ್ ಬೇರೆ, ಅದು ತಾನಾಗಿ ಹೋಗುವುದಿಲ್ಲ. ಕೊರೊನಾ ಕಾಲದಲ್ಲಿ ಜನ ಫೋಟೋ, ವಿಡಿಯೋ ಹಂಚುವುದು ಹೆಚ್ಚಾದಾಗ, 2020ರಲ್ಲಿ ಗೂಗಲ್ ಇಂಥ ಚಾಟ್ ಆಪ್‌ಗಳ ಫೋಲ್ಡರುಗಳ ಬ್ಯಾಕಪ್ ಅನ್ನು ಮೊದಲಿನಿಂದಲೇ ಆಫ್ ಇರುವಂತೆ ಮಾಡಿತು. ಮದುವೆಯ ಫೋಟೋಗಳನ್ನು ನೀವು ತೆಗೆಯದೆ, ಅಣ್ಣ ವಾಟ್ಸಾಪ್‌ನಲ್ಲಿ ಕಳಿಸಿದ್ದರೆ, Backup complete ಎಂದು ಬರೆದಿದ್ದರೂ ಅವು ಗೂಗಲ್‌ನಲ್ಲಿ ಇರಲಿಕ್ಕಿಲ್ಲ. ಬ್ಯಾಕಪ್‌ನ ಸೆಟ್ಟಿಂಗ್‌ನಲ್ಲಿ Back up device folders ಎಂಬುದನ್ನು ತೆರೆದು WhatsApp Images ಆನ್ ಮಾಡಿದರೆ ಹೋಗುತ್ತವೆ. ಆದರೆ ಹಾಗೆ ಮಾಡಿದರೆ ದಿನಾ ಬರುವ ಗುಡ್ ಮಾರ್ನಿಂಗ್ ಚಿತ್ರಗಳೂ ಜೊತೆಗೆ ಹೋಗಿ ಜಾಗ ತಿನ್ನುತ್ತವೆ. ಬೇಕಾದ ಕೆಲವನ್ನೇ ಆರಿಸಿ, ಒಂದೊಂದಾಗಿ ತೆರೆದು Back up ಒತ್ತುವುದು ಮೇಲು.

ಬ್ಯಾಟರಿ ಉಳಿಸುವ ಮೋಡ್, ಡೇಟಾ ಸೇವರ್ ಇವೆರಡೂ ಹಿಂದಿನಿಂದ ನಡೆಯುವ ಬ್ಯಾಕಪ್ ಅನ್ನು ತಡೆಯಬಲ್ಲವು. ಫೋನನ್ನು ಚಾರ್ಜಿಗೆ ಹಾಕಿ, ವೈಫೈ ಆನ್ ಮಾಡಿ, ಆಪ್ ತೆರೆದಿಟ್ಟು ಹತ್ತು ನಿಮಿಷ ನೋಡಿ. ಉಳಿದಿರುವ ಫೋಟೋಗಳ ಸಂಖ್ಯೆ ಕಡಿಮೆಯಾಗುತ್ತಿದ್ದರೆ ನಿಧಾನವಾದರೂ ಕೆಲಸ ನಡೆಯುತ್ತಿದೆ. ಸಂಖ್ಯೆ ಅಲ್ಲಾಡದಿದ್ದರೆ ಮುಂದಿನ ಪರೀಕ್ಷೆಗೆ ಹೋಗಿ.

ಮೂರನೆಯ ಪರೀಕ್ಷೆ: ಯಾವ ಜಾಗ ತುಂಬಿದೆ?

"ಸ್ಟೋರೇಜ್ ಫುಲ್" ಎಂಬ ಸೂಚನೆ ಬಂದಾಗ ಮೆಮೊರಿ ಕಾರ್ಡ್ ಕೊಂಡು ಹಾಕಿದವರಿದ್ದಾರೆ. ಅದರಿಂದ ಸೂಚನೆ ಹೋಗುವುದಿಲ್ಲ. ಏಕೆಂದರೆ ಜಾಗಗಳು ಎರಡು. ಫೋನಿನ ಒಳಗಿನ ಜಾಗ ಒಂದು, ಅದು 64 ಜಿಬಿ, 128 ಜಿಬಿ ಇತ್ಯಾದಿ. ಗೂಗಲ್ ಖಾತೆಯ ಜಾಗ ಇನ್ನೊಂದು, ಅದು ಉಚಿತವಾಗಿ ಸಿಗುವುದು 15 ಜಿಬಿ. ಈ 15 ಜಿಬಿಯನ್ನು ಜಿಮೇಲ್, ಗೂಗಲ್ ಡ್ರೈವ್ ಮತ್ತು ಗೂಗಲ್ ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ.

ಮೊದಲು ಈ ತೊಂದರೆ ಇಷ್ಟಿರಲಿಲ್ಲ. ಸ್ವಲ್ಪ ಕುಗ್ಗಿಸಿದ ಗಾತ್ರದ ಫೋಟೋಗಳನ್ನು ಎಷ್ಟು ಬೇಕಾದರೂ ಇಡಲು ಗೂಗಲ್ ಬಿಡುತ್ತಿತ್ತು. 2021ರ ಜೂನ್ 1ರಿಂದ ಅದು ನಿಂತು, ಆಮೇಲೆ ಸೇರಿದ ಫೋಟೋಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಬಂದವು. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಬಹಳ ವರ್ಷ ಲೆಕ್ಕದ ಹೊರಗಿತ್ತು. 2023ರ ಕೊನೆಯಿಂದ ಹಂತ ಹಂತವಾಗಿ ಅದೂ ಇದೇ 15 ಜಿಬಿಗೆ ಸೇರಿತು. "ಇಷ್ಟು ವರ್ಷ ಸರಿಯಾಗಿತ್ತು, ಈಗ ಯಾಕೆ ನಿಂತಿತು?" ಎಂಬ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರ ಇದೇ.

ಖಾತೆ ತುಂಬಿದರೆ ಹೊಸ ಫೋಟೋ ಹೋಗುವುದಿಲ್ಲ, ಚಾಟ್ ಬ್ಯಾಕಪ್ ನಿಲ್ಲುತ್ತದೆ, ಜಿಮೇಲ್‌ಗೆ ಮೇಲ್ ಬರುವುದೂ ನಿಲ್ಲುತ್ತದೆ. ಒಂದೇ ಕಾರಣಕ್ಕೆ ಮೂರು ತೊಂದರೆ. ಆದರೆ ಫೋನಿನಲ್ಲಿ ಕ್ಯಾಮೆರಾ ಎಂದಿನಂತೆ ಫೋಟೋ ತೆಗೆಯುತ್ತಲೇ ಇರುತ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ನೋಡಲು ಬ್ರೌಸರಿನಲ್ಲಿ one.google.com/storage ಎಂದು ಟೈಪ್ ಮಾಡಿ. ಯಾವುದು ಎಷ್ಟು ತಿಂದಿದೆ ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ.

ಜಾಗ ಮಾಡುವ ಭರದಲ್ಲಿ ಆಗುವ ತಪ್ಪು ಒಂದಿದೆ. ಫೋನ್ ತುಂಬಿತು ಎಂದು ಗೂಗಲ್ ಫೋಟೋಸ್ ಆಪ್‌ನಲ್ಲಿ ಫೋಟೋಗಳನ್ನು ಆರಿಸಿ ಡಿಲೀಟ್ ಒತ್ತಿದರೆ, ಅವು ಫೋನಿನಿಂದಲೂ ಹೋಗುತ್ತವೆ, ಗೂಗಲ್‌ನಿಂದಲೂ ಹೋಗುತ್ತವೆ, ಅದೇ ಖಾತೆ ಇರುವ ಬೇರೆ ಫೋನುಗಳಿಂದಲೂ ಹೋಗುತ್ತವೆ. ಸಿಂಕ್ ಎಂದರೆ ಎಲ್ಲ ಕಡೆ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು. ಸೇರಿಸಿದ್ದು ಎಲ್ಲ ಕಡೆ ಸೇರುವ ಹಾಗೆ, ತೆಗೆದದ್ದೂ ಎಲ್ಲ ಕಡೆ ತೆಗೆಯಲ್ಪಡುತ್ತದೆ. ಫೋನಿನಲ್ಲಿ ಮಾತ್ರ ಜಾಗ ಬೇಕಿದ್ದರೆ Free up space ಬಳಸಿ. ಅದು ಗೂಗಲ್‌ಗೆ ಸೇರಿದ್ದು ಖಚಿತವಾದ ಫೋಟೋಗಳನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. ಕೈತಪ್ಪಿ ಡಿಲೀಟ್ ಆಗಿದ್ದರೆ, ಗೂಗಲ್‌ಗೆ ಸೇರಿದ್ದ ಫೋಟೋ 60 ದಿನ Trash ಅಥವಾ Bin ಎಂಬಲ್ಲಿ ಇರುತ್ತದೆ, ಅಲ್ಲಿಂದ ಮರಳಿ ತರಬಹುದು.

ಒಂದು ಮನೆಯ ಲೆಕ್ಕ

ಮೂರೂ ಪರೀಕ್ಷೆ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಲು ನಾವೇ ಕಟ್ಟಿದ ಒಂದು ಉದಾಹರಣೆ ನೋಡೋಣ. ಹಾಸನದ ಒಬ್ಬ ಟೀಚರ್ ಹೊಸ ಆಂಡ್ರಾಯ್ಡ್ ಫೋನ್ ಕೊಂಡಿದ್ದಾರೆ. ಎಕ್ಸ್‌ಚೇಂಜ್‌ಗೆ ಹಳೆಯ ಫೋನ್ ತೆಗೆದುಕೊಂಡು ಹೋಗಲು ಮೂರು ದಿನದಲ್ಲಿ ಜನ ಬರುತ್ತಾರೆ. ಹೊಸ ಫೋನಿನ ಗೂಗಲ್ ಫೋಟೋಸ್ ಪೂರ್ತಿ ಖಾಲಿ. ವಾಟ್ಸಾಪ್ ಇನ್ನೂ ಹಳೆಯ ಫೋನಿನಲ್ಲೇ ಇದೆ.

ಮೊದಲು ಖಾತೆ ನೋಡುತ್ತಾರೆ. ಹೊಸ ಫೋನಿನಲ್ಲಿರುವುದು ಅಂಗಡಿಯಲ್ಲಿ ಮಾಡಿಕೊಟ್ಟ ಹೊಸ ಜಿಮೇಲ್. ಹಳೆಯ ಖಾತೆಯನ್ನು ಸೇರಿಸಿದ ಕೂಡಲೇ ಕಳೆದ ಅಕ್ಟೋಬರಿನವರೆಗಿನ ಫೋಟೋಗಳು ಕಾಣುತ್ತವೆ. ಅರ್ಧ ಸಮಸ್ಯೆ ಮುಗಿಯಿತು. ಆದರೆ ಅಕ್ಟೋಬರಿನಿಂದ ಈಚಿನವು ಇಲ್ಲ. ಹಳೆಯ ಫೋನಿನಲ್ಲಿ ಅವು ಇವೆ, ಲೆಕ್ಕ ಹಾಕಿದರೆ ಸುಮಾರು 600 ಫೋಟೋ, 30 ವಿಡಿಯೋ.

ಮನೆಯಲ್ಲಿ ವೈಫೈ ಇದೆ, ಬ್ಯಾಕಪ್ ಆನ್ ಇದೆ, ಆದರೂ ಸಂಖ್ಯೆ ಅಲ್ಲಾಡುತ್ತಿಲ್ಲ. ಹಾಗಾಗಿ ಜಾಗ ನೋಡುತ್ತಾರೆ. ಫೋಟೋಗಳು 9.1 ಜಿಬಿ, ವಾಟ್ಸಾಪ್ ಬ್ಯಾಕಪ್ 3.7 ಜಿಬಿ, ಜಿಮೇಲ್ 2.2 ಜಿಬಿ. ಒಟ್ಟು 15 ಜಿಬಿ, ಪೂರ್ತಿ ತುಂಬಿದೆ. ವಾಟ್ಸಾಪ್‌ನ ಕೊನೆಯ ಬ್ಯಾಕಪ್ ಕೂಡ ಅಕ್ಟೋಬರಿನದ್ದೇ. ಈ ಸ್ಥಿತಿಯಲ್ಲಿ ಹಳೆಯ ಫೋನ್ ಕೊಟ್ಟಿದ್ದರೆ ಅಕ್ಟೋಬರಿನಿಂದ ಈಚಿನ ಫೋಟೋ, ಚಾಟ್ ಎರಡೂ ಹೋಗುತ್ತಿದ್ದವು.

ಈಗ ಮಾಡಬೇಕಾದ ಕೆಲಸಗಳ ಕ್ರಮ ಮುಖ್ಯ. ಮೊದಲು ಚಾಟ್. ಎರಡೂ ಫೋನ್ ಕೈಯಲ್ಲಿರುವುದರಿಂದ ಗೂಗಲ್‌ನ ಜಾಗವೇ ಬೇಕಿಲ್ಲ. ವಾಟ್ಸಾಪ್‌ನಲ್ಲಿ 2023ರಿಂದ Transfer chats ಎಂಬ ಸೌಲಭ್ಯ ಇದೆ. ಹಳೆಯ ಫೋನಿನಲ್ಲಿ Settings, Chats, ಆಮೇಲೆ Transfer chats ತೆರೆದು Start ಒತ್ತುತ್ತಾರೆ. ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕಿ ಅದೇ ನಂಬರಿನಿಂದ ನೋಂದಾಯಿಸಿ, ಹಳೆಯ ಫೋನಿನಿಂದ ಚಾಟ್ ತರುವ ಆಯ್ಕೆಯನ್ನು ಒತ್ತುತ್ತಾರೆ. ಹೊಸ ಫೋನಿನಲ್ಲಿ ಮೂಡಿದ ಕ್ಯೂಆರ್ ಕೋಡನ್ನು ಹಳೆಯ ಫೋನಿನಿಂದ ಸ್ಕ್ಯಾನ್ ಮಾಡುತ್ತಾರೆ. ವೈಫೈ ಆನ್ ಇಟ್ಟು ಎರಡೂ ಫೋನನ್ನು ಪಕ್ಕಪಕ್ಕ ಬಿಟ್ಟರೆ ಚಾಟ್‌ಗಳು, ಅವುಗಳ ಫೋಟೋಗಳ ಸಮೇತ, ನೇರವಾಗಿ ದಾಟುತ್ತವೆ.

ಎರಡನೆಯದಾಗಿ, ಹಳೆಯ ಫೋನಿನ ಫೋಟೋ, ವಿಡಿಯೋಗಳನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ನಕಲು ಮಾಡುತ್ತಾರೆ. ಇದಕ್ಕೂ ಇಂಟರ್ನೆಟ್ ಬೇಡ. ಮುಂದೆ ಗೂಗಲ್‌ನಲ್ಲಿ ಏನೇ ಎಡವಟ್ಟಾದರೂ ಈ ನಕಲು ಅಲುಗಾಡುವುದಿಲ್ಲ.

ಆಮೇಲೆ ಜಾಗ ಮಾಡುತ್ತಾರೆ. ಜಿಮೇಲ್‌ನ ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡುತ್ತಾರೆ:

```
has:attachment larger:10M
```

ಲಗತ್ತು ಇರುವ, 10 ಎಂಬಿಗಿಂತ ದೊಡ್ಡ ಮೇಲ್‌ಗಳೆಲ್ಲ ಬರುತ್ತವೆ. ಬೇಡದ್ದನ್ನು ತೆಗೆದು, ಜಿಮೇಲ್‌ನ Bin ಖಾಲಿ ಮಾಡಿದಾಗ 1.4 ಜಿಬಿ ಸಿಗುತ್ತದೆ. Bin ಖಾಲಿ ಮಾಡದಿದ್ದರೆ ಜಾಗ ಬಿಡುಗಡೆ ಆಗುವುದಿಲ್ಲ. ನಂತರ ಹೊಸ ಫೋನಿನ ವಾಟ್ಸಾಪ್‌ನ Chat backup ಒಳಗೆ ಅದೇ ಹಳೆಯ ಖಾತೆಯನ್ನು ಆರಿಸಿ, Include videos ಆಫ್ ಮಾಡಿ ಹೊಸ ಬ್ಯಾಕಪ್ ತೆಗೆಯುತ್ತಾರೆ. ಈ ಬ್ಯಾಕಪ್ 1.2 ಜಿಬಿ ಆಗಿ, ಹಳೆಯ 3.7 ಜಿಬಿಯ ಜಾಗದಲ್ಲಿ ಕೂರುತ್ತದೆ. ಅಲ್ಲಿ 2.5 ಜಿಬಿ ಉಳಿತಾಯ. ಒಟ್ಟು ಸಿಕ್ಕ ಜಾಗ 3.9 ಜಿಬಿ.

ಹೋಗಬೇಕಾದದ್ದು ಎಷ್ಟು? ಒಂದು ಫೋಟೋ 3 ಎಂಬಿ ಎಂದರೆ 600 ಫೋಟೋ 1.8 ಜಿಬಿ. ಒಂದು ವಿಡಿಯೋ 90 ಎಂಬಿ ಎಂದರೆ 30 ವಿಡಿಯೋ 2.7 ಜಿಬಿ. ಒಟ್ಟು 4.5 ಜಿಬಿ. ಜಾಗ ಸಾಲದು. ಲ್ಯಾಪ್‌ಟಾಪಿಗೆ ನಕಲಾಗಿರುವ ಶಾಲಾ ಕಾರ್ಯಕ್ರಮದ 10 ವಿಡಿಯೋಗಳು ಅಲ್ಲಿ ಸರಿಯಾಗಿ ಓಡುತ್ತವೆಯೇ ಎಂದು ನೋಡಿ, ಫೋನಿನಿಂದ ತೆಗೆಯುತ್ತಾರೆ. ಉಳಿದದ್ದು 3.6 ಜಿಬಿ, ಹಿಡಿಸುತ್ತದೆ. 5 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಸುಮಾರು ಒಂದೂವರೆ ಗಂಟೆ, 1 ಎಂಬಿಪಿಎಸ್ ಇದ್ದರೆ ಎಂಟು ಗಂಟೆ, ಅಂದರೆ ಒಂದು ರಾತ್ರಿ. ಮೂರು ದಿನದ ಅವಧಿ ಸಾಕಾಗುತ್ತದೆ. ಕೊನೆಯ ಕ್ಷಣದಲ್ಲಿ, ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಇದು ಆಗುವ ಕೆಲಸವಲ್ಲ.

ಇಷ್ಟಾದ ಮೇಲೂ ಖಾತೆಯಲ್ಲಿ ಉಳಿದದ್ದು 0.3 ಜಿಬಿ ಮಾತ್ರ. ಕೆಲವು ವಾರಗಳಲ್ಲಿ ಮತ್ತೆ ತುಂಬುತ್ತದೆ. ಆಗ ಇರುವ ದಾರಿ ಎರಡೇ: ಹಣ ಕೊಟ್ಟು ಜಾಗ ಹೆಚ್ಚಿಸಿಕೊಳ್ಳುವುದು, ಇಲ್ಲವೇ ಹಳೆಯ ವರ್ಷಗಳ ಫೋಟೋಗಳನ್ನು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ನಕಲು ತೆರೆದು ನೋಡಿ, ಆಮೇಲೆ ಗೂಗಲ್‌ನಿಂದ ತೆಗೆಯುವುದು. ಹಾರ್ಡ್ ಡಿಸ್ಕ್ ಕೂಡ ಕೆಡುವ ವಸ್ತುವೇ, ಹಾಗಾಗಿ ಮುಖ್ಯವಾದವು ಎರಡು ಕಡೆ ಇರಲಿ.

ಚಾಟ್ ಬ್ಯಾಕಪ್ ಕೈಕೊಡುವ ಇನ್ನೆರಡು ಸಂದರ್ಭ

ಖಾತೆ, ನೆಟ್, ಜಾಗ ಮೂರೂ ಸರಿಯಿದ್ದರೂ ಚಾಟ್ ಬಾರದಿರುವುದು ಉಂಟು. ಒಂದು, ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋದಾಗ. ಆಂಡ್ರಾಯ್ಡ್ ವಾಟ್ಸಾಪ್‌ನ ಬ್ಯಾಕಪ್ ಗೂಗಲ್‌ನಲ್ಲಿ, ಐಫೋನಿನದು ಐಕ್ಲೌಡ್‌ನಲ್ಲಿ. ಒಂದರ ಬ್ಯಾಕಪ್ ಅನ್ನು ಇನ್ನೊಂದು ಓದುವುದಿಲ್ಲ. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ ಎಂಬುದೂ ನೆನಪಿರಲಿ. ಎರಡು, ಬ್ಯಾಕಪ್‌ಗೆ ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀ ಹಾಕಿದ್ದು ಮರೆತಾಗ. ಬ್ಯಾಕಪ್ ಸಂಪೂರ್ಣ ಎನ್‌ಕ್ರಿಪ್ಟ್ ಆಗಿರುವುದರಿಂದ ವಾಟ್ಸಾಪ್‌ನವರಿಗೂ, ಗೂಗಲ್‌ನವರಿಗೂ ಅದನ್ನು ತೆರೆಯಲು ಬರುವುದಿಲ್ಲ.

ಕಂಪ್ಯೂಟರಿನ ವಾಟ್ಸಾಪ್‌ನಲ್ಲಿ ಹಳೆಯ ಚಾಟ್ ಕಾಣದಿರುವುದು ಬೇರೆ ವಿಷಯ. ಜೋಡಿಸುವಾಗ ಇತ್ತೀಚಿನ ಮಾತುಕತೆ ಮಾತ್ರ ಅಲ್ಲಿಗೆ ಹೋಗುತ್ತದೆ. ಮುಖ್ಯ ಫೋನಿನಲ್ಲಿ 14 ದಿನ ವಾಟ್ಸಾಪ್ ತೆರೆಯದಿದ್ದರೆ ಜೋಡಿಸಿದ ಸಾಧನಗಳು ಲಾಗ್‌ಔಟ್ ಆಗುತ್ತವೆ. ಆದ್ದರಿಂದ "ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ" ಎಂದು ಅದನ್ನೇ ಬ್ಯಾಕಪ್ ಎಂದು ನಂಬುವಂತಿಲ್ಲ.

ಫೋಟೋ ವಾಪಸ್ ತರಿಸುತ್ತೇವೆ ಎನ್ನುವವರು

ಫೋಟೋ ಹೋದ ಗಾಬರಿಯಲ್ಲಿ ಜನ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ವಂಚಕರು ಕಾಯುವುದು ಇದಕ್ಕೇ. ಕರೆ ಮಾಡಿದರೆ ಪರದೆ ಹಂಚುವ ಆಪ್ ಹಾಕಿಸುತ್ತಾರೆ, ಇಲ್ಲವೇ "ಒಂದು ಆರಂಕಿಯ ಕೋಡ್ ಬಂತಲ್ಲ, ಹೇಳಿ" ಎನ್ನುತ್ತಾರೆ. ಆ ಕೋಡ್ ನಿಮ್ಮ ವಾಟ್ಸಾಪ್ ಅನ್ನು ಅವರ ಫೋನಿನಲ್ಲಿ ತೆರೆಯುವ ಕೀಲಿ. "24 ಗಂಟೆಯೊಳಗೆ ಈ ಲಿಂಕ್ ಒತ್ತದಿದ್ದರೆ ನಿಮ್ಮ ಫೋಟೋಗಳೆಲ್ಲ ಡಿಲೀಟ್" ಎಂಬ ಮೇಲ್ ಕೂಡ ಇದೇ ಜಾತಿ. ಗೂಗಲ್‌ನ ನಿಯಮದ ಪ್ರಕಾರ ಖಾತೆ ಮಿತಿ ಮೀರಿ 2 ವರ್ಷ ಹಾಗೇ ಇದ್ದರೆ ಅದರಲ್ಲಿರುವುದನ್ನು ತೆಗೆಯಬಹುದು, 24 ಗಂಟೆಯಲ್ಲಲ್ಲ. ಅನುಮಾನ ಬಂದರೆ ಮೇಲ್‌ನ ಲಿಂಕ್ ಬಿಟ್ಟು, ಮೇಲೆ ಹೇಳಿದ ವಿಳಾಸವನ್ನು ನೀವೇ ಟೈಪ್ ಮಾಡಿ ನೋಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.

ನಮ್ಮ ತೀರ್ಮಾನ

"ಅದೇ ಜಿಮೇಲ್ ಹಾಕಿದರೆ ಎಲ್ಲಾ ಬರುತ್ತೆ" ಎಂಬುದು ಭಾಗಶಃ ನಿಜ. ಗೂಗಲ್‌ಗೆ ಸೇರಿದ್ದ ಫೋಟೋ ಮಾತ್ರ ಬರುತ್ತದೆ. ಚಾಟ್ ಬರಲು ಅದೇ ನಂಬರ್ ಮತ್ತು ಹೊಸ ದಿನಾಂಕದ ಬ್ಯಾಕಪ್ ಬೇಕು, ಅಥವಾ ಎರಡೂ ಫೋನ್ ಕೈಯಲ್ಲಿರಬೇಕು. ಈ ಫಾರ್ವರ್ಡ್ ನಿಮಗೆ ಬಂದರೆ ಮುಂದೆ ಕಳಿಸುವಾಗ ಇಷ್ಟು ಸೇರಿಸಿ: ಹಳೆಯ ಫೋನ್ ರೀಸೆಟ್ ಮಾಡುವ ಮೊದಲು ಬೇರೆ ಸಾಧನದ ಬ್ರೌಸರಿನಲ್ಲಿ photos.google.com ತೆರೆದು ಈ ವಾರದ ಫೋಟೋ ಕಾಣುತ್ತದೆಯೇ ನೋಡಿ, ಹೊಸ ಫೋನಿನ ವಾಟ್ಸಾಪ್‌ನಲ್ಲಿ ಎರಡು ವರ್ಷದ ಹಿಂದಿನ ಒಂದು ಮಾತು ಹುಡುಕಿ ನೋಡಿ. ಎರಡೂ ಸಿಕ್ಕಿದರೆ ಫೋನ್ ಕೊಡಿ. ಸಿಗದಿದ್ದರೆ ಎಕ್ಸ್‌ಚೇಂಜ್‌ನ ದಿನವನ್ನು ಮುಂದೆ ಹಾಕಿ.